ನಡು ಒಳಗೆ ತಳ್ಳಿದರೆ ಬಾಗಿಲ ಚೌಕಟ್ಟು ಯಾಕೆ ಬಾಗುತ್ತದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಕುರ್ತಿ, ಚೂಡಿದಾರ ಹೊಲಿದು ಮಾರುತ್ತೇನೆ. ಫೋಟೋಗೆ ನನ್ನ ತಂಗಿಯೇ ನಿಲ್ಲುತ್ತಾಳೆ. ಕುರ್ತಿ ನಡುವಿನ ಹತ್ತಿರ ಸಡಿಲ ಕಾಣುತ್ತದೆ ಅಂತ ಫೋಟೋಶಾಪ್‌ನ ಲಿಕ್ವಿಫೈನಲ್ಲಿ 500ರ ಬ್ರಷ್‌ನಿಂದ ಸ್ವಲ್ಪ ಒಳಗೆ ತಳ್ಳುತ್ತೇನೆ. ಆಗ ಹಿಂದಿನ ಬಾಗಿಲ ಚೌಕಟ್ಟು ಬಾಗುತ್ತದೆ. ಹಿನ್ನೆಲೆಯನ್ನು ಫ್ರೀಜ್ ಮಾಡಿದರೆ ನಡುವೇ ಒಳಗೆ ಹೋಗುವುದಿಲ್ಲ, ಬಟ್ಟೆಯ ಪ್ರಿಂಟ್ ಎಳೆದಂತೆ ಆಗುತ್ತದೆ. ಮೊನ್ನೆ ಗ್ರಾಹಕರೊಬ್ಬರು "ನಿಮ್ಮ ಮನೆ ಬಾಗಿಲು ಸೊಟ್ಟ ಇದೆಯಾ?" ಅಂತ ಕೇಳಿದರು. ಗೆರೆ ಬಾಗದ ಹಾಗೆ ಮಾಡುವುದು ಹೇಗೆ? ಈಗಾಗಲೇ ಹಾಳಾದ ಫೋಟೋಗಳನ್ನು ಸರಿ ಮಾಡಬಹುದಾ?

ಉತ್ತರ: ನೀವು ಕಳಿಸಿದ ಎರಡು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ನಿಮ್ಮ ಕೈ ಚೆನ್ನಾಗಿಯೇ ಇದೆ, ಬ್ರಷ್ ಹಗುರವಾಗಿ ಓಡಿದೆ. ತಪ್ಪಾಗಿರುವುದು ಬೇರೆ ಕಡೆ. ದೇಹ ಮತ್ತು ಗೋಡೆ ಎರಡೂ ಒಂದೇ ಲೇಯರ್‌ನಲ್ಲಿ ಇರುವಾಗ ನೀವು ತಳ್ಳುತ್ತಿದ್ದೀರಿ. ಹಾಗಿರುವವರೆಗೆ ಎಷ್ಟೇ ನಾಜೂಕಾಗಿ ತಳ್ಳಿದರೂ ಚೌಕಟ್ಟು ಬಾಗಿಯೇ ಬಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹರಡಿ, ಅದರ ಮೇಲೆ ಒಬ್ಬ ಹೆಂಗಸಿನ ಚಿತ್ರ ಬರೆದಿದ್ದೀರಿ ಅಂದುಕೊಳ್ಳಿ. ಪಕ್ಕದಲ್ಲಿ ಒಂದು ನೇರ ಗೆರೆಯೂ ಇದೆ. ಈಗ ನಡುವಿನ ಅಂಚಿನ ಮೇಲೆ ಹೆಬ್ಬೆರಳಿಟ್ಟು ಒಳಗೆ ತಳ್ಳಿ. ರಬ್ಬರು ಎಲ್ಲ ಒಂದೇ. ಅಂಚು ಒಳಗೆ ಹೋದಾಗ ಖಾಲಿಯಾಗುವ ಜಾಗವನ್ನು ಪಕ್ಕದ ರಬ್ಬರು ಹಿಗ್ಗಿ ತುಂಬಲೇಬೇಕು. ಹಾಗೆ ಹಿಗ್ಗುವಾಗ ಪಕ್ಕದ ಗೆರೆಯೂ ಜೊತೆಗೆ ಬರುತ್ತದೆ. ಲಿಕ್ವಿಫೈ ಮಾಡುವುದು ಇದನ್ನೇ. ಅದಕ್ಕೆ ಇದು ಕುರ್ತಿ, ಇದು ಗೋಡೆ ಎಂಬುದು ಗೊತ್ತಿಲ್ಲ. ನಿಮ್ಮ ಬ್ರಷ್‌ನ ವೃತ್ತದೊಳಗೆ ಏನಿದೆಯೋ ಅದೆಲ್ಲ ಸರಿಯುತ್ತದೆ. ನಡುವೆ ಜಾಸ್ತಿ, ಅಂಚಿಗೆ ಹೋದ ಹಾಗೆ ಕಡಿಮೆ.

ಫ್ರೀಜ್ ಯಾಕೆ ಕೈಕೊಟ್ಟಿತು ಎಂಬುದಕ್ಕೂ ಇಲ್ಲೇ ಉತ್ತರ ಇದೆ. ನೀವು ಹಿನ್ನೆಲೆಯನ್ನು ದೇಹದ ಅಂಚಿನವರೆಗೂ ಫ್ರೀಜ್ ಮಾಡಿದಿರಿ. ಅಂದರೆ ಆ ರಬ್ಬರಿಗೆ ಸರಿಯಾಗಿ ನಡುವಿನ ಅಂಚಿನ ಉದ್ದಕ್ಕೂ ಮೊಳೆ ಹೊಡೆದ ಹಾಗಾಯಿತು. ಆಚೆಯ ಗೋಡೆ ಹಿಗ್ಗುವ ಹಾಗಿಲ್ಲ, ಹಾಗಾಗಿ ಅಂಚೂ ಅಲ್ಲಾಡುವುದಿಲ್ಲ. ತಳ್ಳಿದ ಬಲವೆಲ್ಲ ಒಳಗಿನ ಬಟ್ಟೆಯ ಮೇಲೆ ಬೀಳುತ್ತದೆ. ಅಂಚಿನ ಹತ್ತಿರದ ಹೂವಿನ ಪ್ರಿಂಟ್ ಉದ್ದುದ್ದ ಎಳೆದುಕೊಳ್ಳುತ್ತದೆ. ನಿಮ್ಮ ಎರಡನೇ ಫೋಟೋದಲ್ಲಿ ಎಡಗಡೆ ನಾಲ್ಕು ಹೂವು ಮೊಟ್ಟೆಯ ಆಕಾರಕ್ಕೆ ಬಂದಿವೆ, ನೋಡಿ. ಫ್ರೀಜ್ ಮಾಸ್ಕ್ ಇರುವುದು ದೂರದ ವಸ್ತುಗಳನ್ನು ಕಾಯುವುದಕ್ಕೆ: ಕೈ, ಬಳೆ, ಕುರ್ತಿಯ ಗುಂಡಿಪಟ್ಟಿ. ಸರಿಯಬೇಕಾದ ಅಂಚಿಗೆ ತಾಗಿಕೊಂಡಿರುವ ಜಾಗವನ್ನು ಅದರಿಂದ ಕಾಯಲು ಆಗುವುದಿಲ್ಲ.

ಎಲ್ಲ ಗೆರೆಯೂ ಒಂದೇ ತರಹ ಬಾಗುವುದಿಲ್ಲ

ಲೇಯರ್ ವಿಷಯಕ್ಕೆ ಹೋಗುವ ಮುಂಚೆ ಇದನ್ನು ಹೇಳಲೇಬೇಕು. ಇದು ಗೊತ್ತಿದ್ದರೆ ಫೋಟೋ ತೆಗೆಯುವಾಗಲೇ ಅರ್ಧ ಕೆಲಸ ಮುಗಿಯುತ್ತದೆ.

ಒಂದು ಗೆರೆಯನ್ನು ಅದರ ಉದ್ದದ ದಿಕ್ಕಿನಲ್ಲೇ ತಳ್ಳಿದರೆ ಅದು ಬಾಗುವುದಿಲ್ಲ. ತನ್ನ ಮೇಲೆ ತಾನೇ ಜಾರುತ್ತದೆ, ಅಷ್ಟೆ. ಅಡ್ಡವಾಗಿ ತಳ್ಳಿದರೆ ಮಾತ್ರ ಬಾಗುತ್ತದೆ. ನಡು ಸಣ್ಣ ಮಾಡುವಾಗ ನೀವು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಳ್ಳುತ್ತೀರಿ. ಹಾಗಾಗಿ ನೆಟ್ಟಗೆ ನಿಂತ ಗೆರೆಗಳು, ಅಂದರೆ ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಕಂಬ, ಗೋಡೆಯ ಮೂಲೆ, ಎಲ್ಲಕ್ಕಿಂತ ಹೆಚ್ಚು ಕೆಡುತ್ತವೆ. ಅಡ್ಡ ಗೆರೆಗಳು, ಅಂದರೆ ಅಂಗಡಿಯ ರೋಲಿಂಗ್ ಶಟರಿನ ಪಟ್ಟಿ, ಗೋಡೆಯ ಬುಡದ ಪಟ್ಟಿ, ಮೆಟ್ಟಿಲಿನ ಅಂಚು, ಬಹಳ ಮಟ್ಟಿಗೆ ಉಳಿದುಕೊಳ್ಳುತ್ತವೆ. ಓರೆ ಗೆರೆಗಳದ್ದು ಎರಡರ ನಡುವಿನ ಪಾಡು.

ಆದರೆ ಕೈ ಯಾವಾಗಲೂ ಪೂರ್ತಿ ಅಡ್ಡಕ್ಕೆ ಓಡುವುದಿಲ್ಲ. ನಡುವಿನ ಅಂಚು ಓರೆಯಾಗಿ ಇಳಿಯುವುದರಿಂದ ನಮ್ಮ ಕೈಯೂ ತಿಳಿಯದೆ ಸ್ವಲ್ಪ ಕೆಳಗೆ ಎಳೆಯುತ್ತದೆ. ಆಗ ಶಟರಿನ ಪಟ್ಟಿಯೂ ಅಲೆಯಾಗುತ್ತದೆ. ಇನ್ನು ಟೈಲ್ಸ್ ಗೋಡೆ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಗೆರೆ ಬಾಗದಿದ್ದರೂ ಸಿಕ್ಕಿಬೀಳುತ್ತೇವೆ. ನಡುವಿನ ಪಕ್ಕದ ಒಂದು ಟೈಲ್ಸ್ ಮಾತ್ರ ಉಳಿದವುಗಳಿಗಿಂತ ಅಗಲ ಆಗಿರುತ್ತದೆ. ಸಾಲಾಗಿ ಒಂದೇ ಅಳತೆಯಲ್ಲಿ ಇರಬೇಕಾದದ್ದು ಒಂದು ಕಡೆ ಅಳತೆ ತಪ್ಪಿದರೆ ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಗೆರೆ ತುಂಡಾಗಿದೆಯಾ, ಸರಿದಿದೆಯಾ ಎಂದು ಕಂಡುಹಿಡಿಯುವುದರಲ್ಲಿ ಮನುಷ್ಯರ ಕಣ್ಣು ಬಹಳ ಚುರುಕು. ಶಾಲೆಯ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಬಳಸಿದ್ದು ನೆನಪಿದೆಯಾ? ಎರಡು ಗೆರೆ ಸರಿಯಾಗಿ ಎದುರುಬದುರು ಬಂದಿವೆಯಾ ಅಂತ ನೋಡುವ ಈ ಶಕ್ತಿಯನ್ನು ನಂಬಿಯೇ ಆ ಉಪಕರಣ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಅಳೆಯುತ್ತದೆ. ನಡು ಎಷ್ಟು ಸಣ್ಣದಾಗಿತ್ತು ಅಂತ ನಿಮ್ಮ ಗ್ರಾಹಕರಿಗೆ ಗೊತ್ತಾಗಲು ದಾರಿಯೇ ಇಲ್ಲ. ಬಾಗಿಲು ನೇರ ಇರಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಹಾಗಾಗಿ ಮುಂದಿನ ಸಲ ತಂಗಿಯನ್ನು ಚೌಕಟ್ಟಿನ ಪಕ್ಕಕ್ಕೆ ನಿಲ್ಲಿಸಬೇಡಿ. ಖಾಲಿ ಗೋಡೆ ಒಳ್ಳೆಯದು. ಬಾಗಿಲು ಚೆನ್ನಾಗಿ ಕಾಣುತ್ತದೆ, ಅದು ಬೇಕೇ ಬೇಕು ಎಂದರೆ ಚೌಕಟ್ಟು ನಡುವಿನಿಂದ ದೂರ ಇರಲಿ, ಅವಳ ಮೈಯ ಅಗಲದಷ್ಟಾದರೂ ದೂರ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ, ಫೋಕಸ್ ಮತ್ತು ಬೆಳಕಿನ ಅಳತೆ ಲಾಕ್ ಆಗಿರಲಿ. ಎಲ್ಲ ಫೋಟೋ ಮುಗಿದ ಮೇಲೆ ತಂಗಿಯನ್ನು ಪಕ್ಕಕ್ಕೆ ಸರಿಸಿ ಖಾಲಿ ಗೋಡೆಯ ಒಂದು ಫೋಟೋ ತೆಗೆಯಿರಿ. ಹತ್ತು ಸೆಕೆಂಡಿನ ಕೆಲಸ. ಅದಿದ್ದರೆ ಮುಂದೆ ಹೇಳುವ ಕೆಲಸದಲ್ಲಿ ಹಿನ್ನೆಲೆ ತುಂಬುವ ಭಾಗವೇ ಬೇಕಾಗುವುದಿಲ್ಲ.

ನಿಮ್ಮ ಹಳದಿ ಕುರ್ತಿಯ ಫೋಟೋವನ್ನೇ ತೆಗೆದುಕೊಳ್ಳೋಣ

ಫೋಟೋ 4000 ಪಿಕ್ಸೆಲ್ ಅಗಲ, 6000 ಪಿಕ್ಸೆಲ್ ಎತ್ತರ ಇದೆ. ನಡುವಿನ ಹತ್ತಿರ ಕುರ್ತಿ ಸುಮಾರು 1000 ಪಿಕ್ಸೆಲ್ ಅಗಲ. ನೀವು ಎರಡೂ ಕಡೆ 25 ಪಿಕ್ಸೆಲ್ ಒಳಗೆ ತಂದಿದ್ದೀರಿ, ಒಟ್ಟು 50. ಅಂದರೆ ನೂರಕ್ಕೆ 5ರಷ್ಟು. ಬಾಗಿಲ ಚೌಕಟ್ಟು ಎಡ ನಡುವಿನಿಂದ ಬರೀ 120 ಪಿಕ್ಸೆಲ್ ದೂರದಲ್ಲಿದೆ.

ನೀವು 500ರ ಬ್ರಷ್ ಬಳಸಿದೆ ಅಂದಿದ್ದೀರಿ. ಬ್ರಷ್‌ನ ನಡುಬಿಂದು ಕುರ್ತಿಯ ಅಂಚಿನ ಮೇಲಿದ್ದರೆ ಅದರ ಕೈ ಆಚೆಗೆ 250 ಪಿಕ್ಸೆಲ್‌ವರೆಗೆ ಚಾಚುತ್ತದೆ. ಚೌಕಟ್ಟು ಆ ದಾರಿಯ ಅರ್ಧದಲ್ಲೇ ಇದೆ, ಸರಿಯದೆ ಇನ್ನೇನು? ಹಾಗಂತ ಬ್ರಷ್ಷನ್ನು 200ಕ್ಕೆ ಇಳಿಸಿದರೆ ಚೌಕಟ್ಟೇನೋ ಉಳಿಯುತ್ತದೆ, ಆದರೆ ನಡುವಿನ ಅಂಚು ಗುಬುಟು ಗುಬುಟಾಗುತ್ತದೆ. ಉದ್ದನೆಯ ನುಣುಪಾದ ಇಳಿಜಾರಿಗೆ ದೊಡ್ಡ ಬ್ರಷ್ಷೇ ಬೇಕು. ಗೆರೆ ಉಳಿಯಲು ಸಣ್ಣ ಬ್ರಷ್ ಬೇಕು. ಒಂದೇ ಲೇಯರ್‌ನಲ್ಲಿ ಈ ಎರಡೂ ಸಿಗುವುದಿಲ್ಲ.

ಮೊದಲ ಕೆಲಸ ಲೆನ್ಸ್‌ನದ್ದು. ಫೋನಿನ ಅಗಲದ ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲಿ ಅಂಚಿನ ಗೆರೆಗಳು ಮೊದಲೇ ಸ್ವಲ್ಪ ಬಿಲ್ಲಿನಂತೆ ಬಾಗಿರಬಹುದು. ಅದನ್ನು ಕ್ಯಾಮೆರಾ ರಾದಲ್ಲಿ ಮುಂಚೆಯೇ ನೇರ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾವ ಬಾಗು ಲೆನ್ಸ್‌ನದ್ದು, ಯಾವುದು ನಿಮ್ಮದು ಎಂಬುದೇ ಆಮೇಲೆ ಗೊತ್ತಾಗುವುದಿಲ್ಲ.

ಆಮೇಲೆ ಮೂಲ ಲೇಯರನ್ನು Ctrl+J ಒತ್ತಿ ಒಂದು ಪ್ರತಿ ಮಾಡಿ. ಕೆಳಗಿನದಕ್ಕೆ ಬೀಗ ಹಾಕಿ, ಅದನ್ನು ಮುಟ್ಟಬೇಡಿ. ಮೇಲಿನ ಪ್ರತಿಯನ್ನು ಹಿನ್ನೆಲೆ ಎಂದು ಕರೆಯೋಣ.

ಈಗ ದೇಹವನ್ನು ಕತ್ತರಿಸಿ ಬೇರೆ ಮಾಡಬೇಕು. ಇಲ್ಲಿ ತುಂಬಾ ಜನ ಹೆದರಿ ಕೈಬಿಡುತ್ತಾರೆ, ಯಾಕೆಂದರೆ ತಲೆಕೂದಲು ಕತ್ತರಿಸುವುದು ದೊಡ್ಡ ತಲೆನೋವು. ಆದರೆ ಕೂದಲು ಯಾಕೆ ಬೇಕು? ನೀವು ಮುಟ್ಟುತ್ತಿರುವುದು ಕಂಕುಳಿಂದ ಸೊಂಟದ ಕೆಳಗಿನವರೆಗೆ ಮಾತ್ರ. ಆ ಭಾಗವನ್ನಷ್ಟೇ ಕತ್ತರಿಸಿದರೆ ಸಾಕು. ತಲೆ, ಭುಜ, ಪಾದ ಎಲ್ಲ ಮೂಲದಲ್ಲೇ ಇರಲಿ. ಪೆನ್ ಟೂಲ್‌ನಿಂದ ಕುರ್ತಿಯ ಎರಡು ಪಕ್ಕದ ಅಂಚನ್ನು ನಿಧಾನವಾಗಿ ಎಳೆದುಕೊಳ್ಳಿ. ಗೆರೆ ಬಟ್ಟೆಯ ಒಳಗೆ ಒಂದು ಪಿಕ್ಸೆಲ್ ಇರಲಿ, ಆಗ ಗೋಡೆಯ ಬಿಳಿ ಅಂಚು ಬಟ್ಟೆಗೆ ಅಂಟಿಕೊಂಡು ಬರುವುದಿಲ್ಲ. ಅದನ್ನು ಸೆಲೆಕ್ಷನ್ ಮಾಡಿ, ಅರ್ಧ ಪಿಕ್ಸೆಲ್ ಫೆದರ್ ಕೊಟ್ಟು, Ctrl+J ಒತ್ತಿದರೆ ಮೈಯ ಭಾಗ ಮಾತ್ರ ಹೊಸ ಲೇಯರಿಗೆ ಬರುತ್ತದೆ. ಫೋಟೋದಲ್ಲಿ ತಂಗಿಯ ಎಡಗೈ ಮೈಯಿಂದ ದೂರ ಇದೆ, ಒಳ್ಳೆಯದಾಯಿತು. ಕೈಯನ್ನು ಈ ಲೇಯರಿಗೆ ಸೇರಿಸಬೇಡಿ.

ಹಿನ್ನೆಲೆ ಲೇಯರಿಗೆ ಬನ್ನಿ. ನಡು 25 ಪಿಕ್ಸೆಲ್ ಒಳಗೆ ಹೋದರೆ ಆ ಸಂದಿನಲ್ಲಿ ಹಳೆಯ ಕುರ್ತಿಯ ಅಂಚೇ ಕಾಣುತ್ತದೆ. ಅಲ್ಲಿ ಗೋಡೆ ಇರಬೇಕು. ಇಡೀ ದೇಹವನ್ನು ಅಳಿಸಿ ಗೋಡೆ ತುಂಬಬೇಕಾಗಿಲ್ಲ. ಅಂಚಿನಿಂದ ಒಳಗೆ 50–60 ಪಿಕ್ಸೆಲ್ ಅಗಲದ ಒಂದು ಪಟ್ಟಿ ಸಾಕು. ಕ್ಲೋನ್ ಸ್ಟ್ಯಾಂಪ್ ತೆಗೆದುಕೊಂಡು ಪಕ್ಕದ ಗೋಡೆಯನ್ನೇ ಅಷ್ಟು ದೂರ ಒಳಗೆ ಎಳೆಯಿರಿ. ನಿಮ್ಮ ಫೋಟೋದಲ್ಲಿ ಇದು ಬಹಳ ಸುಲಭ. ನಡು ಮತ್ತು ಚೌಕಟ್ಟಿನ ಮಧ್ಯೆ ಬರೀ ಸುಣ್ಣದ ಗೋಡೆ ಇದೆ. ಚೌಕಟ್ಟನ್ನು ನೀವು ಮುಟ್ಟುವುದೇ ಇಲ್ಲ, ಹಾಗಾಗಿ ಅದು ಇದ್ದ ಹಾಗೇ ಇರುತ್ತದೆ.

ಬಲಗಡೆ ಸ್ವಲ್ಪ ಎಚ್ಚರ ಬೇಕು. ಅಲ್ಲಿ ಗೋಡೆಯ ಕೆಳಭಾಗಕ್ಕೆ ಬಳಿದ ಕಂದು ಬಣ್ಣ ಸೊಂಟದ ಎತ್ತರದಲ್ಲಿ ಮುಗಿದು ಮೇಲೆ ಬಿಳಿ ಶುರುವಾಗುತ್ತದೆ. ಆ ಎರಡು ಬಣ್ಣ ಸೇರುವ ಗೆರೆ ಮೈಯ ಹಿಂದೆ ಹೋಗುತ್ತದೆ. ಅದನ್ನು ಒಳಗೆ ಮುಂದುವರಿಸಬೇಕು. ಅಲ್ಲಿ Content-Aware Fill ನಂಬಬೇಡಿ, ಗೆರೆಯನ್ನು ಅದು ಒಂದೆರಡು ಪಿಕ್ಸೆಲ್ ಮೇಲೆ ಕೆಳಗೆ ಮಾಡಿ ಸೇರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರ ಬದಲು ಗೆರೆಯ ಪಕ್ಕದ ತುಂಡನ್ನು, 100 ಪಿಕ್ಸೆಲ್ ಅಗಲದಷ್ಟು, ಸೆಲೆಕ್ಟ್ ಮಾಡಿ Ctrl+J ಒತ್ತಿ, ಬಾಣದ ಕೀಲಿಯಿಂದ ಅಡ್ಡಕ್ಕೆ ಮಾತ್ರ ಸರಿಸಿ. ಗೆರೆ ಸ್ವಲ್ಪ ಓರೆ ಇದ್ದರೆ ಮೇಲೆ ಕೆಳಗೆ ಒಂದು ಪಿಕ್ಸೆಲ್ ಹೊಂದಿಸಿ. ಸರಿ ಕೂತ ಮೇಲೆ ಹಿನ್ನೆಲೆಗೆ ಸೇರಿಸಿಬಿಡಿ.

ಇಷ್ಟಾದ ಮೇಲೆ ಮೈಯ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಲಿಕ್ವಿಫೈ ತೆರೆಯಿರಿ. ಸ್ಮಾರ್ಟ್ ಆಬ್ಜೆಕ್ಟ್ ಮಾಡುವುದಕ್ಕೆ ಒಂದು ಕಾರಣ ಇದೆ. ಲಿಕ್ವಿಫೈ ಒಂದು ಸಲ ಓಡಿದರೆ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿ ಕೂರಿಸುತ್ತದೆ, ಬಟ್ಟೆಯ ನೇಯ್ಗೆ ಸ್ವಲ್ಪ ಮಬ್ಬಾಗುತ್ತದೆ. ಮೂರು ಸಲ ತೆರೆದು ಮೂರು ಸಲ ತಳ್ಳಿದರೆ ಮೂರು ಪಟ್ಟು ಮಬ್ಬು. ಸ್ಮಾರ್ಟ್ ಆಬ್ಜೆಕ್ಟ್ ಆಗಿದ್ದರೆ ಪ್ರತಿ ಸಲವೂ ಮೂಲದಿಂದಲೇ ಲೆಕ್ಕ ಆಗುತ್ತದೆ.

ಈಗ ಬ್ರಷ್ ದೊಡ್ಡದು ಮಾಡಿ, 700ರಷ್ಟು. ಈ ಲೇಯರ್‌ನಲ್ಲಿ ಗೋಡೆಯೇ ಇಲ್ಲ, ಹಾಗಾಗಿ ಹೆದರಬೇಕಾಗಿಲ್ಲ. Pressure 20ರ ಹತ್ತಿರ ಇರಲಿ. Show Backdrop ಆನ್ ಮಾಡಿದರೆ ಹಿಂದಿನ ಗೋಡೆಯೂ ಕಾಣುತ್ತದೆ. ಲೇಯರಿನ ಮೇಲಿನ ಮತ್ತು ಕೆಳಗಿನ ಕತ್ತರಿಸಿದ ಅಂಚುಗಳಿಗೆ, ಅಂದರೆ ಕಂಕುಳ ಕೆಳಗೆ ಮತ್ತು ಸೊಂಟದ ಕೆಳಗೆ, ಫ್ರೀಜ್ ಬಳಿಯಿರಿ. ಇಲ್ಲಿ ಫ್ರೀಜ್‌ಗೆ ಸರಿಯಾದ ಕೆಲಸ ಸಿಕ್ಕಿತು. ಆ ಎರಡು ಅಂಚು ಸರಿಯದಿದ್ದರೆ ಮಾತ್ರ ಕೆಳಗಿನ ಮೂಲಕ್ಕೆ ಅದು ಬಿಗಿಯಾಗಿ ಕೂರುತ್ತದೆ. ಆಮೇಲೆ ಒಂದೇ ಸಲಕ್ಕೆ 25 ಪಿಕ್ಸೆಲ್ ತಳ್ಳಬೇಡಿ. ನಡುವಿನ ಮೇಲೆ, ಮಧ್ಯೆ, ಕೆಳಗೆ ಅಂತ ನಾಲ್ಕೈದು ಹಗುರ ತಳ್ಳುಗಳಲ್ಲಿ ಮುಗಿಸಿ.

ಫೋಟೋಶಾಪ್ ಇಲ್ಲದವರು ಗಿಂಪ್‌ನಲ್ಲಿ ವಾರ್ಪ್ ಟ್ರಾನ್ಸ್‌ಫಾರ್ಮ್ ಟೂಲ್ ಬಳಸಿ ಇದೇ ಕೆಲಸ ಇದೇ ಕ್ರಮದಲ್ಲಿ ಮಾಡಬಹುದು. ಮೈ ಬೇರೆ, ಗೋಡೆ ಬೇರೆ ಎಂಬುದಷ್ಟೇ ಮುಖ್ಯ. ಫೋನ್ ಆ್ಯಪ್‌ಗಳಲ್ಲಿ ನಡು ಸಣ್ಣ ಮಾಡುವ ಸ್ಲೈಡರ್‌ನಿಂದ ಗೋಡೆ ಅಲೆಯಾಗುವುದಕ್ಕೂ ಕಾರಣ ಇದೇ: ಅಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಲೇಯರ್.

ಎಲ್ಲಿ ಈ ವಿಧಾನವೂ ಸೋಲುತ್ತದೆ

ತೆಳು ವೇಲ್. ಶಿಫಾನ್ ವೇಲ್ ನಡುವಿನ ಪಕ್ಕಕ್ಕೆ ಇಳಿದಿದ್ದರೆ, ಅದರ ಮೂಲಕ ಹಿಂದಿನ ಚೌಕಟ್ಟು ಕಾಣುತ್ತಿರುತ್ತದೆ. ವೇಲನ್ನು ಮೈಯ ಜೊತೆ ಕತ್ತರಿಸಿದರೆ ಅದರೊಳಗೆ ಸಿಕ್ಕ ಚೌಕಟ್ಟಿನ ತುಂಡೂ ಜೊತೆಗೆ ಬರುತ್ತದೆ. ನಡು ತಳ್ಳಿದಾಗ ವೇಲಿನ ಒಳಗಿನ ಚೌಕಟ್ಟು ಒಂದು ಕಡೆ, ಹೊರಗಿನದು ಒಂದು ಕಡೆ ಆಗಿ, ನೀರಿನಲ್ಲಿಟ್ಟ ಕೋಲಿನಂತೆ ಮುರಿದು ಕಾಣುತ್ತದೆ. ಇದಕ್ಕೆ ಸುಲಭದ ಪರಿಹಾರ ಇಲ್ಲ. ನಾನು ಆ ಕಡೆಯನ್ನು ಮುಟ್ಟುವುದನ್ನೇ ಬಿಡುತ್ತೇನೆ. ನಡುವಿನ ಒಂದೇ ಕಡೆ ಸ್ವಲ್ಪ ತಿದ್ದಿದರೂ ಸಾಕಾಗುತ್ತದೆ, ಬೇಕಾದರೆ ನೋಡಿ.

ನೆರಳು ಇನ್ನೊಂದು. ತಂಗಿ ಗೋಡೆಗೆ ಒರಗಿ ನಿಂತಿದ್ದರೆ ಮೈಯ ಅಂಚಿಗೇ ಅಂಟಿಕೊಂಡು ಒಂದು ಗಟ್ಟಿ ನೆರಳು ಇರುತ್ತದೆ. ಮೈ ಒಳಗೆ ಹೋಗುತ್ತದೆ, ನೆರಳು ಅಲ್ಲೇ ಉಳಿಯುತ್ತದೆ. ಮಧ್ಯೆ ಒಂದು ಬಿಳಿ ಸಂದು ಕಂಡರೆ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಪಟ್ಟಿ ತುಂಬುವಾಗ ದೂರದ ಬೆಳಕಿನ ಗೋಡೆಯಿಂದ ಕ್ಲೋನ್ ಮಾಡಬೇಡಿ, ಅಂಚಿನ ಪಕ್ಕದ ನೆರಳಿನ ಗೋಡೆಯಿಂದಲೇ ಮಾಡಿ. ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ನಿಲ್ಲಿಸಿ ತೆಗೆದರೆ ನೆರಳು ಮೃದುವಾಗಿ ಹರಡಿ ಈ ತೊಂದರೆಯೇ ಬರುವುದಿಲ್ಲ.

ಮೂರನೆಯದು ಬಟ್ಟೆಯ ಮೇಲಿನ ಗೆರೆ. ಗೋಡೆಯನ್ನು ಕಾಪಾಡಿದರೂ ಬಟ್ಟೆಯಲ್ಲೇ ಚೌಕಳಿ ಇದ್ದರೆ, ಪಟ್ಟೆ ಇದ್ದರೆ, ಅವು ಬಾಗುತ್ತವೆ. ನೀವು ಹೊಲಿಯುವವರು, ನಿಮಗೆ ನಾನು ಹೇಳಬೇಕಾಗಿಲ್ಲ: ನೆಟ್ಟಗಿನ ಪಟ್ಟೆ ನಡುವಿನಲ್ಲಿ ಒಳಗೆ ಬಾಗಿದರೆ ಅಲ್ಲಿ ಡಾರ್ಟ್ ಇದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಡಾರ್ಟ್ ಇಲ್ಲದ ಕುರ್ತಿಗೆ ಡಾರ್ಟ್ ಇದ್ದ ಹಾಗೆ ತೋರಿಸಿದಂತೆ ಆಗುತ್ತದೆ. ಪಟ್ಟೆ ಚೌಕಳಿಯ ಬಟ್ಟೆಯನ್ನು ನಾನು ಲಿಕ್ವಿಫೈ ಮಾಡುವುದೇ ಇಲ್ಲ. ಚಿಕ್ಕ ಹೂವಿನ ಪ್ರಿಂಟ್ ಆದರೆ ನೂರಕ್ಕೆ 4–5ರವರೆಗೆ ತಡೆದುಕೊಳ್ಳುತ್ತದೆ. ಅದನ್ನು ದಾಟಿದರೆ ಅಂಚಿನ ಹೂವು ಒತ್ತಿಹೋಗಿ ಮಧ್ಯದ ಹೂವು ದುಂಡಗೆ ಉಳಿಯುತ್ತದೆ.

ನೇರ ಇದೆಯಾ ಅಂತ ನೋಡುವುದು

ಗಂಟೆಗಟ್ಟಲೆ ಒಂದೇ ಫೋಟೋ ನೋಡಿದ ಕಣ್ಣಿಗೆ ಬಾಗು ಕಾಣುವುದಿಲ್ಲ. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಕೆಲಸ ಶುರುಮಾಡಿದ ಹೊಸತರಲ್ಲಿ ಒಂದು ಬಟ್ಟೆ ಅಂಗಡಿಗೆ ನಲವತ್ತು ಸೀರೆ ಫೋಟೋ ಮಾಡಿಕೊಟ್ಟೆ. ಮೆಟ್ಟಿಲ ಪಕ್ಕದ ಕಬ್ಬಿಣದ ಕಟಕಟೆ ಹಿನ್ನೆಲೆಯಲ್ಲಿತ್ತು. ಸರಳುಗಳು ಹನ್ನೊಂದು ಫೋಟೋದಲ್ಲಿ ಬಾಗಿದ್ದವು. ಪೋಸ್ಟರ್ ಪ್ರಿಂಟ್ ಆಗಿ ಗೋಡೆಗೆ ಅಂಟಿಸಿದ ಮೇಲೆ ಕಂಡಿತು. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ. ಅಂದಿನಿಂದ ಈ ಎರಡು ಪರೀಕ್ಷೆ ಮಾಡದೆ ಒಂದು ಫೋಟೋವನ್ನೂ ಕಳಿಸುವುದಿಲ್ಲ.

ಒಂದು, ಬಡಗಿಯ ಪರೀಕ್ಷೆ. ಬಡಗಿ ಹಲಗೆ ನೇರ ಇದೆಯಾ ಅಂತ ನೋಡುವಾಗ ಒಂದು ಕಣ್ಣು ಮುಚ್ಚಿ ಅದರ ತುದಿಯಿಂದ ಉದ್ದಕ್ಕೆ ನೋಡುತ್ತಾನೆ. ಆಗ ಎರಡು ಮಾರು ಉದ್ದ ಗೇಣುದ್ದಕ್ಕೆ ಕುಗ್ಗಿ ಸಣ್ಣ ಬಾಗೂ ಎದ್ದು ಕಾಣುತ್ತದೆ. ಫೋಟೋದಲ್ಲೂ ಇದನ್ನೇ ಮಾಡಬಹುದು. ಫೈಲಿನ ಒಂದು ಪ್ರತಿ ತೆಗೆದುಕೊಂಡು Image Size‌ನಲ್ಲಿ ಅಗಲ ಎತ್ತರದ ಕೊಂಡಿ ಬಿಡಿಸಿ, ಅಗಲ 4000 ಹಾಗೇ ಬಿಟ್ಟು ಎತ್ತರವನ್ನು 6000ದಿಂದ 600ಕ್ಕೆ ಇಳಿಸಿ. ಮುಂಚೆ 800 ಪಿಕ್ಸೆಲ್ ಉದ್ದದಲ್ಲಿ 6 ಪಿಕ್ಸೆಲ್ ಬಾಗಿದ್ದ ಚೌಕಟ್ಟು ಈಗ 80 ಪಿಕ್ಸೆಲ್ ಉದ್ದದಲ್ಲಿ ಅದೇ 6 ಪಿಕ್ಸೆಲ್ ಬಾಗಿರುತ್ತದೆ. ಕಾಣದೆ ಇರಲು ಸಾಧ್ಯವೇ ಇಲ್ಲ. ಅಡ್ಡ ಗೆರೆ ನೋಡಬೇಕಾದರೆ ಎತ್ತರ ಬಿಟ್ಟು ಅಗಲವನ್ನು ಕುಗ್ಗಿಸಿ.

ಎರಡು, ಕಪ್ಪು ಪರೀಕ್ಷೆ. ಮುಗಿದ ಚಿತ್ರದ ಒಂದು ಒಟ್ಟು ಪ್ರತಿಯನ್ನು, Ctrl+Alt+Shift+E ಒತ್ತಿ, ಎಲ್ಲಕ್ಕಿಂತ ಮೇಲೆ ಮಾಡಿಕೊಳ್ಳಿ. ಅದು ಮತ್ತು ಬೀಗ ಹಾಕಿದ ಮೂಲ, ಇವೆರಡನ್ನು ಬಿಟ್ಟು ಉಳಿದ ಲೇಯರ್‌ಗಳನ್ನು ಮುಚ್ಚಿ. ಮೇಲಿನದರ ಬ್ಲೆಂಡ್ ಮೋಡನ್ನು Difference ಮಾಡಿ. ಎರಡೂ ಒಂದೇ ಇರುವಲ್ಲಿ ಕಪ್ಪು, ಬೇರೆ ಇರುವಲ್ಲಿ ಬೆಳಕು. ನಡುವಿನ ಭಾಗ ಮತ್ತು ನೀವು ತುಂಬಿದ ಪಟ್ಟಿ ಬಿಟ್ಟು ಉಳಿದದ್ದೆಲ್ಲ ಪೂರ್ತಿ ಕಪ್ಪಾಗಿರಬೇಕು. ಚೌಕಟ್ಟಿನ ಉದ್ದಕ್ಕೆ ತೆಳುವಾದ ಒಂದು ಬೆಳಕಿನ ಗೆರೆ ಕಂಡರೂ ಅದು ಸರಿದಿದೆ ಅಂತ ಅರ್ಥ.

ಎಷ್ಟು ತಿದ್ದಬೇಕು

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ನೀವು ಬಟ್ಟೆ ಮಾರುತ್ತೀರಿ. ಗ್ರಾಹಕರು ಫೋಟೋ ನೋಡಿ ಫಿಟಿಂಗ್ ಅಂದಾಜು ಮಾಡುತ್ತಾರೆ. ನೇರ ಕಟ್ಟಿಂಗಿನ ಕುರ್ತಿಯನ್ನು ನಡು ಹಿಡಿದ ಕುರ್ತಿಯ ಹಾಗೆ ತೋರಿಸಿದರೆ ಅದು ವಾಪಸ್ ಬರುತ್ತದೆ, ಮತ್ತೆ ಆ ಗ್ರಾಹಕರು ಬರುವುದಿಲ್ಲ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಪ್ಪು ಎನ್ನುತ್ತದೆ. ಫ್ರಾನ್ಸಿನಲ್ಲಿ ಇನ್ನೂ ನೇರವಾದ ನಿಯಮ ಇದೆ. 2017ರ ಅಕ್ಟೋಬರ್ 1ರಿಂದ ಅಲ್ಲಿ ಜಾಹೀರಾತಿನ ಮಾಡೆಲ್‌ನ ಮೈಯನ್ನು ತಿದ್ದಿ ಸಣ್ಣಗೆ ಅಥವಾ ದಪ್ಪಗೆ ಮಾಡಿದ್ದರೆ, ಚಿತ್ರವನ್ನು ತಿದ್ದಲಾಗಿದೆ ಎಂದು ಫೋಟೋದ ಮೇಲೆಯೇ ಬರೆಯಬೇಕು. ನಾರ್ವೆಯಲ್ಲೂ 2022ರಿಂದ ಇಂಥ ನಿಯಮ ಇದೆ.

ಬಟ್ಟೆ ಒಂದು ಕಡೆ ಉಬ್ಬಿದ್ದರೆ, ಗಾಳಿಗೆ ಎದ್ದಿದ್ದರೆ, ನಿಂತ ಭಂಗಿಯಿಂದ ಮುದುಡಿದ್ದರೆ ಅದನ್ನು ತಿದ್ದುವುದು ಸರಿ ಅಂತ ನನ್ನ ಅಭಿಪ್ರಾಯ. ಕನ್ನಡಿಯ ಮುಂದೆ ನಾವೇ ಕೈಯಲ್ಲಿ ನೇವರಿಸಿ ಸರಿಮಾಡಿಕೊಳ್ಳುವಷ್ಟು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಬಟ್ಟೆಯ ಅಳತೆಯೇ ತಂಗಿಗೆ ಸರಿಯಿಲ್ಲ. ಒಂದು ಸೈಜ್ ಚಿಕ್ಕದನ್ನು ಹಾಕಿಸಿ ತೆಗೆಯಿರಿ. ಅವಳ ಮೈಗೆ ಸರಿಯಾಗಿ ಹೊಲಿದ ಒಂದು ಕುರ್ತಿ ಫೋಟೋಗೆಂದೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಅವಳ ನಡುವನ್ನು ತಿದ್ದುವ ಮುಂಚೆ ಅವಳನ್ನೂ ಒಂದು ಮಾತು ಕೇಳಿ. ಸ್ವಂತ ಅಕ್ಕನೇ ತನ್ನ ಮೈ ಸರಿಯಿಲ್ಲ ಅಂದುಕೊಂಡಿದ್ದಾಳೆ ಅಂತ ಅವಳಿಗೆ ಅನ್ನಿಸಬಾರದು, ಅಲ್ವಾ?

ಈಗಾಗಲೇ ಕೆಟ್ಟಿರುವ ಫೋಟೋ

ಮೂಲ ಫೈಲ್ ಇದೆಯಾ ಅಂತ ಮೊದಲು ಹುಡುಕಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದು ಆಗುವುದಿಲ್ಲ, ಅದು ಕುಗ್ಗಿರುತ್ತದೆ. ಕ್ಯಾಮೆರಾ ಅಥವಾ ಫೋನಿನಲ್ಲಿ ಇರುವುದೇ ಬೇಕು.

ಇದ್ದರೆ ಕೆಲಸ ಐದು ನಿಮಿಷದ್ದು. ತಿದ್ದಿದ ಫೋಟೋದ ಮೇಲೆ ಮೂಲವನ್ನು ಒಂದು ಲೇಯರ್ ಆಗಿ ತನ್ನಿ. Shift ಒತ್ತಿಕೊಂಡು ಎಳೆದು ತಂದರೆ, ಅಳತೆ ಒಂದೇ ಇದ್ದಲ್ಲಿ, ಸರಿಯಾಗಿ ಮೇಲೆ ಕೂರುತ್ತದೆ. ಅದಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿ, ಅಂದರೆ Alt ಒತ್ತಿ ಮಾಸ್ಕ್ ಗುರುತನ್ನು ಒತ್ತಿ. ಈಗ ಮೃದುವಾದ ಬಿಳಿ ಬ್ರಷ್‌ನಿಂದ ಚೌಕಟ್ಟಿನ ಮೇಲೆ ಬಳಿಯಿರಿ. ಬಾಗಿದ್ದು ಮರೆಯಾಗಿ ನೇರವಾದದ್ದು ಮೇಲೆ ಬರುತ್ತದೆ. ಒಂದೇ ಎಚ್ಚರ: ಮಾಸ್ಕ್‌ನ ಬಿಳಿ ಕಪ್ಪಾಗುವ ಅಂಚು ಖಾಲಿ ಸುಣ್ಣದ ಗೋಡೆಯ ಮೇಲೆ ಬೀಳಲಿ. ನಿಮಗೆ ನಡು ಮತ್ತು ಚೌಕಟ್ಟಿನ ಮಧ್ಯೆ 120 ಪಿಕ್ಸೆಲ್ ಖಾಲಿ ಗೋಡೆ ಇದೆ, ಧಾರಾಳ ಆಯಿತು. ಆ ಅಂಚು ಚೌಕಟ್ಟಿನ ಮೇಲೆಯೇ ಬಿದ್ದರೆ ಎರಡು ಚೌಕಟ್ಟು ಒಂದರ ಮೇಲೊಂದು ನೆರಳಿನಂತೆ ಕಾಣುತ್ತವೆ.

ಮೂಲ ಇಲ್ಲದಿದ್ದರೆ ಲಿಕ್ವಿಫೈನಲ್ಲೇ ವಾಪಸ್ ತಳ್ಳಿ ನೇರ ಮಾಡಲು ಹೋಗಬೇಡಿ. ಮಬ್ಬು ಜಾಸ್ತಿಯಾಗುತ್ತದೆ, ಗೆರೆ ಎಂದೂ ಪೂರ್ತಿ ನೇರ ಆಗುವುದಿಲ್ಲ. ಬದಲಿಗೆ ಚೌಕಟ್ಟಿನ ಕೆಡದ ಭಾಗವನ್ನು ಹುಡುಕಿ. ನಿಮ್ಮ ಫೋಟೋಗಳಲ್ಲಿ ಭುಜದಿಂದ ಮೇಲೆ ಅದು ನೇರ ಇದೆ. ಅಲ್ಲಿಂದ ಬಾಗಿದ ಭಾಗಕ್ಕಿಂತ ಸ್ವಲ್ಪ ಉದ್ದದ ಒಂದು ಪಟ್ಟಿ ತೆಗೆದು, Ctrl+J ಒತ್ತಿ, ನೆಟ್ಟಗೆ ಕೆಳಗೆ ಜಾರಿಸಿ ಬಾಗಿದ ಜಾಗದ ಮೇಲೆ ಕೂರಿಸಿ. ಚೌಕಟ್ಟು ಕ್ಯಾಮೆರಾದ ಕೋನದಿಂದ ಸ್ವಲ್ಪ ಓರೆ ಇದ್ದರೆ ಮೇಲಿನ ತುದಿ ಸೇರಿದರೂ ಕೆಳಗಿನ ತುದಿಯಲ್ಲಿ ಒಂದೆರಡು ಪಿಕ್ಸೆಲ್ ಮೆಟ್ಟಿಲು ಉಳಿಯುತ್ತದೆ. Ctrl+T ಒತ್ತಿ ಅಷ್ಟೇ ಅಷ್ಟು ತಿರುಗಿಸಿ. ಕೆಳಗೆ ಬೆಳಕು ಕಡಿಮೆ ಇದ್ದರೆ ಆ ಪಟ್ಟಿಗೆ ಮಾತ್ರ ಕರ್ವ್ಸ್ ಕೊಟ್ಟು ಸ್ವಲ್ಪ ಕಪ್ಪು ಮಾಡಿ. ಮರದ ಗಂಟು ಮೇಲೊಂದು ಕೆಳಗೊಂದು ಒಂದೇ ತರಹ ಕಂಡರೆ ಒಂದನ್ನು ಹೀಲಿಂಗ್ ಬ್ರಷ್‌ನಿಂದ ಅಳಿಸಿ.

ನೀವು ಕಳಿಸಿದ ಎರಡರಲ್ಲಿ ಹಳದಿ ಕುರ್ತಿಯದ್ದು ಹೀಗೆ ಸರಿಯಾಗುತ್ತದೆ. ಎರಡನೆಯದನ್ನು ಉಳಿಸುವುದು ಕಷ್ಟ, ಯಾಕೆಂದರೆ ಅಲ್ಲಿ ಬಾಗಿಲಿಗಿಂತ ಬಟ್ಟೆಯ ಪ್ರಿಂಟ್ ಜಾಸ್ತಿ ಕೆಟ್ಟಿದೆ. ಅದರ ಮೂಲ ಸಿಗದಿದ್ದರೆ ಹೊಸದಾಗಿ ತೆಗೆಯಿರಿ, ಚೌಕಟ್ಟಿನಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ.